ಒಂದೇ ಖಾತೆಯ ಮನೆ

ನಮ್ಮ ಮನೆಯಲ್ಲಿ ಐದು ಫೋನುಗಳಿದ್ದವು, ಖಾತೆ ಮಾತ್ರ ಒಂದೇ ಇತ್ತು. ಹೊಸ ಫೋನು ತಂದ ಕೂಡಲೇ ಅದು ಕೇಳುತ್ತದಲ್ಲ, ಇಮೇಲು, ಫೋಟೊ, ಹುಡುಕಾಟ ಎಲ್ಲಕ್ಕೂ ಬೇಕಾಗುವ ಆ ಖಾತೆ. ಮರಾಠಿ ಸೀಮೆಯ ನಮ್ಮ ಉಮರ್ಗಾದ ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯವನು ಮೊದಲನೆಯದನ್ನು ಮಾವನವರ ಹೆಸರಲ್ಲಿ ಮಾಡಿಕೊಟ್ಟ. ಆಮೇಲೆ ಮನೆಗೆ ಬಂದ ಪ್ರತಿ ಫೋನಿಗೂ ಅದನ್ನೇ ಹಾಕಿದ. ಬೇರೆ ಬೇರೆ ಮಾಡಲೇನು ಎಂದು ಅವನು ಒಮ್ಮೆ ಕೇಳಿದ್ದೂ ಉಂಟು.

"ಯಾಕ ಬ್ಯಾರೆ? ಒಂದ ಒಲಿ, ಒಂದ ಗಲ್ಲಾ, ಒಂದ ಖಾತಾ," ಎಂದಿದ್ದರು ಮಾವ.

ಮಾವನವರದು ಕಿರಾಣಿ ಅಂಗಡಿ, ಜೊತೆಗೆ ಕಾಳುಕಡಿ ವ್ಯಾಪಾರ. ಪೇಟೆಯಲ್ಲಿ ಅಣ್ಣತಮ್ಮಂದಿರು ಗೋಡೆ ಹಾಕಿಕೊಂಡ ಮನೆಗಳನ್ನು ಎಣಿಸಿ ತೋರಿಸುತ್ತಿದ್ದರು, ನಮ್ಮ ಮನೆ ಹಾಗಲ್ಲ ಎಂಬ ಹೆಮ್ಮೆ. ಹಾಗಾಗಿ ಮೈದುನನ ಗೆಳೆಯರ ನಂಬರುಗಳು ನನ್ನ ಫೋನಿನಲ್ಲಿದ್ದವು. ನಾನು ನಿಲಂಗಾದ ತವರಿಗೆ ಹೋಗಿ ತೆಗೆದ ಫೋಟೊ ಇಲ್ಲಿ ಗಲ್ಲಾಪೆಟ್ಟಿಗೆಯ ಹತ್ತಿರ ಕೂತ ಮಾವನಿಗೆ ಕಾಣುತ್ತಿತ್ತು. ನಮಗದು ತೊಡಕು ಅನ್ನಿಸಲೇ ಇಲ್ಲ. ಒಂದೇ ಗಡಿಗೆಯ ಅಂಬಲಿ ಐದು ಬಟ್ಟಲಿಗೆ ಬಂದ ಹಾಗೆ ಅಂದುಕೊಂಡೆವು.

ಇದೆಲ್ಲ ಕದಡಿದ್ದು ಮೈದುನ ಉದಗೀರದಲ್ಲಿ ಎರಡನೆಯ ಅಂಗಡಿ ತೆಗೆಯುತ್ತೇನೆ ಅಂದಾಗ. ಜಗಳವೇನಿಲ್ಲ, ವ್ಯಾಪಾರ ಬೆಳೆದಿತ್ತು ಅಷ್ಟೆ. ಆದರೆ ಅವನೂ ಅವನ ಹೆಂಡತಿ, ನನ್ನ ನೆಗೆಣ್ಣಿಯೂ ಅಲ್ಲಿಯೇ ಮನೆ ಮಾಡಬೇಕಾಯಿತು. ಅದೇ ಹೊತ್ತಿಗೆ ಖಾತೆಯ ಜಾಗ ತುಂಬಿಹೋಗಿ ಮೇಲು ಬರುವುದು ನಿಂತಿತು, ಹೊಸ ಫೋಟೊ ಸೇರುವುದೂ ನಿಂತಿತು. ಐದು ಮಂದಿ ವರ್ಷಗಟ್ಟಲೆ ತುಂಬಿದ ಚೀಲ, ಬಾಯಿ ಕಟ್ಟಲಾರದಷ್ಟು ಉಬ್ಬಿತ್ತು.

"ಹಂಗಾರ ಖಾತಾನೂ ಬ್ಯಾರೆ ಮಾಡ್ಕೋರಿ," ಎಂದರು ಮಾವ. "ಆದ್ರ ಇದ್ದದ್ದೆಲ್ಲಾ ಎರಡೂ ಮನಿಗೆ ಬೇಕು. ಪೂರಾ. ಒಂದ ಫೋಟೊನೂ ಬಿಡಬ್ಯಾಡ್ರಿ."

ಕೆಲಸ ನನ್ನ ಕೊರಳಿಗೆ ಬಿತ್ತು. ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅಂಗಡಿಯ ಬಿಲ್ಲಿನ ಕಂಪ್ಯೂಟರ್ ನೋಡುವವಳೂ, ತುರೋರಿ, ಸಾಸ್ತೂರ ಕಡೆಯ ಗಿರಾಕಿಗಳ ಆರ್ಡರನ್ನು ಫೋನಿನಲ್ಲಿ ಬರೆದುಕೊಳ್ಳುವವಳೂ ನಾನೇ. ಆ ಫೋನಿನ ಹತ್ತಿರದ ಕುರ್ಚಿ ನನ್ನದು. ಅತ್ತೆ ತೀರಿಕೊಂಡ ಮೇಲೆ ಮಾವ ತಾವಾಗಿ ಎದ್ದು ಅದನ್ನು ನನಗೆ ಕೊಟ್ಟಿದ್ದರು. ಸೊಸೆ ಗಲ್ಲಾದ ಪಕ್ಕ ಕೂಡುವುದು ನಮ್ಮ ಓಣಿಯಲ್ಲಿ ಸಣ್ಣ ಮಾತಲ್ಲ.

ಆ ಕುರ್ಚಿಯ ಕೆಳಗೆ ನಾನೊಂದು ಸಂಗತಿ ಅಡಗಿಸಿಟ್ಟಿದ್ದೆ. ನನಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎಡಗಿವಿ ಬಹಳ ಮಂದ, ಬಲಗಿವಿ ಅದರ ಹಿಂದೆಯೇ ಹೊರಟಂತಿತ್ತು. ಗದ್ದಲದಲ್ಲಿ ಮಾತು ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಕೇಳದಿದ್ದಾಗ ನಗುತ್ತಿದ್ದೆ, ತಲೆಯಾಡಿಸುತ್ತಿದ್ದೆ. ಫೋನಿನಲ್ಲಾದರೆ ನೆಟ್‌ವರ್ಕ್ ಇಲ್ಲ, ಬರೆದು ಕಳಿಸಿ ಅನ್ನುತ್ತಿದ್ದೆ. ನೆಟ್‌ವರ್ಕಿನ ಮೇಲೆ ನಾನು ಹೊರಿಸಿದಷ್ಟು ಪಾಪವನ್ನು ಯಾರೂ ಹೊರಿಸಿರಲಿಕ್ಕಿಲ್ಲ. ಕಿವುಡಿ ಅನ್ನುವ ಒಂದು ಮಾತು ಮನೆಯಲ್ಲಿ ಎದ್ದರೆ ಕುರ್ಚಿ ಹೋಗುತ್ತದೆ, ಆಮೇಲೆ ಪಾಪ ಕೂತಿರಲಿ ಬಿಡ್ರಿ ಅನ್ನುತ್ತಾರೆ. ಆ 'ಪಾಪ' ನನಗೆ ಬೇಕಿರಲಿಲ್ಲ. ಹೇಳಿಕೊಂಡದ್ದು ಫೋನಿಗೆ ಮಾತ್ರ. ಹುಡುಕುವ ಡಬ್ಬಿಯಲ್ಲಿ ಮರಾಠಿಯಲ್ಲಿ ಬರೆದು ಕೇಳುತ್ತಿದ್ದೆ: ಕಿವಿ ಏಕೆ ಮಂದವಾಗುತ್ತದೆ, ಮಷೀನು ಹೊರಗೆ ಕಾಣದಂಥದ್ದು ಉಂಟೇ, ನಲವತ್ತೇಳಕ್ಕೇ ಹೀಗಾಗುತ್ತದೆಯೇ. ಫೋನು ಯಾರಿಗೂ ಹೇಳುವುದಿಲ್ಲ ಎಂಬ ಧೈರ್ಯ.

ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಖಾತೆಯ ದತ್ತಾಂಶದ ಪ್ರತಿ ಕೇಳುವ ಪುಟ ತೆರೆದೆ. ಉದ್ದನೆಯ ಯಾದಿ. ಮೇಲು, ಫೋಟೊ, ನಂಬರುಗಳು, ಕ್ಯಾಲೆಂಡರು, ನನಗೆ ಹೆಸರೇ ಗೊತ್ತಿಲ್ಲದ ಇನ್ನೆಷ್ಟೋ. ಹೆಚ್ಚುಕಡಿಮೆ ಎಲ್ಲದರ ಮುಂದೆ ಮೊದಲೇ ಟಿಕ್ ಬಿದ್ದಿತ್ತು. ಬೇಡವಾದದ್ದನ್ನು ನಾವು ತೆಗೆಯಬೇಕು.

"ಎಲ್ಲಾ ಇರ್ಲಿ," ಎಂದರು ಮಾವ.

ಎಲ್ಲಾ ಇರಲಿ ಅಂದೆ ನಾನೂ. ಕಡತ ಎಷ್ಟೆಷ್ಟು ದೊಡ್ಡ ತುಂಡುಗಳಾಗಿ ಬೇಕು ಎಂದು ಕೇಳಿತು, ಅದು ತೋರಿಸಿದ್ದನ್ನೇ ಒಪ್ಪಿದೆ. ತಯಾರಾದ ಮೇಲೆ ಇಮೇಲಿಗೆ ಲಿಂಕ್ ಬರುತ್ತದೆ, ಕೆಲವು ಗಂಟೆಯೂ ಆಗಬಹುದು, ಕೆಲವು ದಿನವೂ ಆಗಬಹುದು ಎಂದು ಬರೆದಿತ್ತು. ಒತ್ತಿಬಿಟ್ಟೆ.

"ಆತೇನು? ಈಗ ಖಾತಾ ಖಾಲಿ?" ಎಂದು ಮಾವ ಪರದೆಗೆ ಮೂಗು ಹಚ್ಚಿ ನೋಡಿದರು.

"ಖಾಲಿ ಆಗಂಗಿಲ್ರೀ ಮಾವಾರ. ಇದು ನಕಲು. ಅಸಲು ಅಲ್ಲೇ ಇರ್ತದ. ಬ್ಯಾಡ ಅಂದ್ರ ನಾವು ಆಮ್ಯಾಲ ಬ್ಯಾರೆ ಅಳಿಸಬೇಕು."

"ಅಂದ್ರ ಚೀಲದಾಗಿಂದ ಕಾಳ ತಗದ್ರೂ ಚೀಲ ತುಂಬೇ ಇರ್ತದ?" ಅವರಿಗೆ ಈ ವ್ಯಾಪಾರ ನಂಬಿಕೆ ಬರಲಿಲ್ಲ. ನನಗೂ ನಗು ಬಂತು. ಅದೇ ಕೊನೆ, ಮುಂದಿನ ಕೆಲವು ದಿನ ನಾನು ಸರಿಯಾಗಿ ನಗಲಿಲ್ಲ.

ಮರುದಿನ ಕೆಲಸ ಎಲ್ಲಿಗೆ ಬಂತು ನೋಡೋಣ ಎಂದು ಅದೇ ಪುಟ ತೆರೆದೆ. ಇನ್ನೂ ತಯಾರಾಗುತ್ತಿದೆ ಎಂದಿತ್ತು. ಸುಮ್ಮನೆ ಮುಚ್ಚಬಹುದಿತ್ತು, ಆದರೆ ಕೇಳಿದ್ದೇನೇನು ಎಂದು ಒಂದೊಂದಾಗಿ ಓದುತ್ತ ಹೋದೆ. ನಡುವೆ 'ನನ್ನ ಚಟುವಟಿಕೆ' ಎಂಬುದೊಂದು ಇತ್ತು. ಏನಿದು ಎಂದು ವಿವರ ನೋಡಿದೆ: ಈ ಖಾತೆಯಿಂದ ಹುಡುಕಿದ್ದು, ನೋಡಿದ್ದು, ದಿನಾಂಕ ಮತ್ತು ಸಮಯದ ಸಮೇತ.

ನಾನು ಬರೆದು ಕೇಳಿದ್ದೆಲ್ಲ ಅಲ್ಲಿ ಕೂತಿದೆ. ಮಾವನ ಆಜ್ಞೆಯಂತೆ ಅದರ ಒಂದು ಪ್ರತಿ ಉದಗೀರಕ್ಕೂ ಹೋಗುತ್ತದೆ, ನನ್ನ ಕೈಯಿಂದಲೇ. ಡಂಗುರ ಹೊಡೆಸಲು ಹೊರಗಿನವರು ಬೇಕಾಗಲಿಲ್ಲ.

ರದ್ದು ಮಾಡುವ ಗುಂಡಿಯೂ ಅಲ್ಲೇ ಇತ್ತು. ರದ್ದು ಮಾಡಿ, ಬರೀ ಫೋಟೊಗೆ ಟಿಕ್ ಇಟ್ಟು ಮತ್ತೆ ಕೇಳಿದರಾಯಿತು, ಅಷ್ಟು ಸುಲಭ. ಆದರೆ ಪ್ರತಿ ಕೇಳಿದ್ದಾರೆ ಎಂಬ ಮೇಲು ನಿನ್ನೆಯೇ ಐದೂ ಫೋನಿಗೆ ಬಂದಿತ್ತಲ್ಲ, ಖಾತೆ ಒಂದೇ. ನಿಂತುಹೋಗಿದ್ದ ಮೇಲು ಬರಲೆಂದು ಕೆಲಸಕ್ಕೆ ಬಾರದ ಹಳೆಯವನ್ನು ಅಳಿಸಿ ದಾರಿ ತೆರೆದವಳೂ ನಾನೇ. ಈಗ ರದ್ದು ಮಾಡಿದರೆ ಯಾಕೆ ಅಂತ ಕೇಳುತ್ತಾರೆ. ಏನು ಹೇಳಲಿ? ಕೈ ಅಲ್ಲಿಗೆ ಹೋಗುತ್ತಿತ್ತು, ವಾಪಸ್ ಬರುತ್ತಿತ್ತು. ರೊಟ್ಟಿ ಬಡಿಯುವಾಗ ಅದೇ ಯೋಚನೆ, ಆರ್ಡರ್ ಬರೆಯುವಾಗ ಅದೇ. ಒಂದು ರೊಟ್ಟಿ ಕರಕಾಯಿತು, ಇನ್ನೊಂದಕ್ಕೆ ನೀರು ಸವರುವುದೇ ಮರೆತೆ. ಯಾರ ಫೋನು ಟಿಣ್ ಅಂದರೂ ಅವರ ಮುಖ ನೋಡುತ್ತಿದ್ದೆ. ಆ ಟಿಣ್ ಒಂದು ಮಾತ್ರ ನನಗೆ ಚೆನ್ನಾಗಿ ಕೇಳುತ್ತಿತ್ತು, ನೋಡಿ.

"ಅಕ್ಕಾ, ಯಾಕ ಹಿಂಗ ಒದ್ದಾಡ್ಲಿಕತ್ತೀರಿ?" ಎಂದಳು ನೆಗೆಣ್ಣಿ. ಮಿಕ್ಸರ್ ಬಂದ್ ಮಾಡಿ, ನನ್ನ ಮುಂದೆ ಬಂದು ನಿಂತು, ನನ್ನ ಮುಖ ನೋಡುತ್ತಲೇ ಕೇಳಿದಳು.

"ಏನಿಲ್ಲ," ಎಂದು ಮುಖ ತಿರುಗಿಸಿದೆ.

ಇದೇ ನನಗೆ ಅವಳಲ್ಲಿ ಆಗದಿದ್ದುದು. ನೆಗೆಣ್ಣಿ ಬೀದರ ಸೀಮೆಯವಳು, ನನಗಿಂತ ಸಾಕಷ್ಟು ಚಿಕ್ಕವಳು. ಮೊದಲು ಒಳ್ಳೆಯವಳೇ ಇದ್ದಳು. ಇತ್ತೀಚೆಗೆ ಏನೇ ಹೇಳುವುದಿದ್ದರೂ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತಿದ್ದಳು, ಮಕ್ಕಳಿಗೆ ಹೇಳಿದ ಹಾಗೆ ಮಾತು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಊಟಕ್ಕೆ ಕೂತರೆ ಎದ್ದು ಬಂದು ನನ್ನ ಬಲಗಡೆಗೇ ಕೂಡುತ್ತಿದ್ದಳು. ಬೇರೆ ಮನೆ ಮಾಡುವ ಸುದ್ದಿ ಬಂದದ್ದೇ ದೊಡ್ಡಸ್ತಿಕೆ ಬಂತು ನೋಡು ಎಂದುಕೊಂಡಿದ್ದೆ. ಗಂಡನ ಮುಂದೆ ಆಡಿಯೂ ತೋರಿಸಿದ್ದೆ. ಇವರು ಪೇಪರಿನಿಂದ ತಲೆ ಎತ್ತದೆ, "ನಿಮ್ ನಿಮ್ಮಾಗ ಏನರ ಇರ್ತದ," ಎಂದರು. ನನ್ನ ಗಂಡ ದೊಡ್ಡ ನ್ಯಾಯಾಧೀಶರು, ತೀರ್ಪು ಯಾವಾಗಲೂ ಅದೇ.

ರದ್ದು ಮಾಡಲೋ ಬೇಡವೋ ಎಂದು ನಾನು ತೂಗುತ್ತಿರುವಾಗಲೇ ಒಂದು ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ಮನೆಯ ಎಲ್ಲ ಫೋನುಗಳೂ ಹಿಂದೆ ಮುಂದೆ ಟಿಣ್ ಅಂದವು. ನಿಮ್ಮ ದತ್ತಾಂಶ ಇಳಿಸಿಕೊಳ್ಳಲು ಸಿದ್ಧವಾಗಿದೆ.

"ಬಂತು!" ಎಂದರು ಮಾವ, ಲಾರಿ ಬಂದಾಗ ಹೇಳುವ ದನಿಯಲ್ಲಿ.

ಮೈದುನ ಆಗಲೇ ಒತ್ತಿದ್ದ. ಪುಣ್ಯಕ್ಕೆ ಅದು ಇನ್ನೊಮ್ಮೆ ಪಾಸ್‌ವರ್ಡ್ ಕೇಳುತ್ತದೆ. ಲಿಂಕ್ ಸಿಕ್ಕವರೆಲ್ಲ ಇಳಿಸಿಕೊಳ್ಳಲಿಕ್ಕಾಗುವುದಿಲ್ಲ. ಪಾಸ್‌ವರ್ಡ್ ನನ್ನ ತಲೆಯಲ್ಲಿತ್ತು.

"ವೈನಿ, ಪಾಸ್‌ವರ್ಡ್ ಏನು?"

"ಫೋನಿನ್ಯಾಗ ಇಳಸಬ್ಯಾಡ, ತುಂಬಿಬಿಡ್ತದ. ನಾ ಕಂಪ್ಯೂಟರಿನ್ಯಾಗ ಇಳಸ್ತೀನಿ. ಲಿಂಕ ಒಂದ ವಾರಾನೇ ಇರ್ತದಂತ, ಇವತ್ತೇ ಮಾಡ್ತೀನಿ." ಹೇಳಿದ್ದು ಖರೇನೇ. ಆದರೆ ಅಷ್ಟು ಅವಸರದಲ್ಲಿ ಹೇಳಿದ್ದಕ್ಕೆ ಕುಂಬಳಕಾಯಿ ಕಳ್ಳನ ಹಾಗೆ ನನ್ನ ಹೆಗಲು ನಾನೇ ಮುಟ್ಟಿಕೊಂಡಂತಾಯಿತು.

ಅಂಗಡಿಯ ಕಂಪ್ಯೂಟರಿಗೆ ಹೊಸ ಹಾರ್ಡ್ ಡಿಸ್ಕ್ ಚುಚ್ಚಿ ತುಂಡುಗಳನ್ನು ಇಳಿಸಿದೆ. ದಿನವಿಡೀ ಹಿಡಿಯಿತು. ನಡುವೆ ಕರೆಂಟು ಹೋಗಿ ಒಂದು ತುಂಡು ಅರ್ಧಕ್ಕೆ ನಿಂತು, ಅದನ್ನು ಮೊದಲಿನಿಂದ ಇಳಿಸಬೇಕಾಯಿತು. ನನ್ನ ಯೋಜನೆ ಸರಳ. ಎಲ್ಲ ಬಿಚ್ಚಿ, ಚಟುವಟಿಕೆಯ ಫೋಲ್ಡರ್ ಅಳಿಸಿ, ಉಳಿದದ್ದನ್ನು ಎರಡು ಡಿಸ್ಕಿಗೆ ಹಾಕುವುದು. ಯಾರಿಗೂ ಗೊತ್ತಾಗುವುದಿಲ್ಲ. ಫೋಟೊ ಸಿಕ್ಕರೆ ಸಾಕು ಅವರಿಗೆ.

ಬಿಚ್ಚಿದಾಗ ಮೊದಲು ಫೋಟೊಗಳೇ ಬಂದವು, ವರ್ಷವರ್ಷಕ್ಕೆ ಒಂದೊಂದು ಫೋಲ್ಡರ್. ಪ್ರತಿ ಫೋಟೊದ ಜೊತೆ ಒಂದು ಪುಟ್ಟ ಕಡತ, ಅದರೊಳಗೆ ಬರೀ ಅಕ್ಷರ ಅಂಕಿ: ಯಾವತ್ತು ತೆಗೆದದ್ದು, ಎಲ್ಲಿ. ಹಾಳುಮೂಳು ಎಂದು ಮೊದಲು ಅಳಿಸಹೊರಟಿದ್ದೆ, ತಡೆದು ಬಿಟ್ಟೆ. ನಂಬರುಗಳೆಲ್ಲ ಒಂದೇ ಕಡತ. ಮೇಲುಗಳದು ಇನ್ನೊಂದು ಹೇರು, ಅದು ಸುಮ್ಮನೆ ತೆರೆಯುವುದೂ ಇಲ್ಲ. ಕೊನೆಗೆ ಚಟುವಟಿಕೆಯ ಫೋಲ್ಡರಿಗೆ ಬಂದೆ.

ಅಳಿಸುವ ಮೊದಲು ನನ್ನದು ಎಷ್ಟು ಸೇರಿದೆ ನೋಡಿಬಿಡೋಣ ಎಂದು ಹುಡುಕಾಟದ ಪುಟ ತೆರೆದೆ. ತೀರಾ ಈಚಿನದು ಮೇಲೆ, ಹಳೆಯದು ಕೆಳಗೆ, ಸಾಲು ಸಾಲು. ಹೀಗೆ ಹುಡುಕಿದ್ದೀರಿ, ಇಷ್ಟು ಗಂಟೆಗೆ. ಯಾವ ಫೋನಿನಿಂದ ಎಂದು ಮಾತ್ರ ಆ ಸಾಲುಗಳಲ್ಲಿ ಇರಲಿಲ್ಲ. ಖಾತೆಗೆ ನಾವು ಐವರೂ ಒಬ್ಬರೇ ಮನುಷ್ಯ. ಮುಂಜಾನೆ ಜೋಳದ ಭಾವ-ಧಾರಣೆ ಕೇಳುವ, ಹತ್ತು ಗಂಟೆಗೆ ಕೂದಲು ಉದುರುವುದಕ್ಕೆ ಎಣ್ಣೆ ಹುಡುಕುವ, ಮಧ್ಯಾಹ್ನ ಉದಗೀರದ ಬಾಡಿಗೆ ಮನೆ ನೋಡುವ, ಸಂಜೆ ಕಿವುಡಾಗುವ ಒಬ್ಬ ವಿಚಿತ್ರ ಮನುಷ್ಯ. ಜೋಳ ಮಾವನದು. ಕೂದಲು ಇವರದು, ಟೋಪಿ ಹಾಕಿಕೊಳ್ಳಲು ಶುರುಮಾಡಿದ್ದು ಬಿಸಿಲಿಗೆ ಅಂದಿದ್ದರು. ಓದಬಾರದು ಎಂದು ಗೊತ್ತಿದ್ದೂ ಓದಿದೆ. ನನ್ನದನ್ನು ಬೇರೆಯವರು ಓದಿಯಾರು ಎಂದು ಇಷ್ಟು ದಿನ ಒದ್ದಾಡಿದವಳು ನಾನು, ಈಗ ಎಲ್ಲರದನ್ನೂ ಓದುತ್ತಿದ್ದೇನೆ. ನಾಚಿಕೆಯಾಯಿತು. ಆದರೂ ಕೈ ನಿಲ್ಲಲಿಲ್ಲ.

ಹೆಚ್ಚಿನದೆಲ್ಲ ಮರಾಠಿಯಲ್ಲಿತ್ತು. ಮನೆಯಲ್ಲಿ ನಾವು ಆಡುವುದು ಕನ್ನಡ, ಶಾಲೆ ಕಲಿತದ್ದು ಮರಾಠಿ, ಬರೆಯುವುದು ಅದೇ. ಆ ಮರಾಠಿಯ ನಡುವೆ ಅಲ್ಲಲ್ಲಿ ಕನ್ನಡ ಅಕ್ಷರದ ಸಾಲುಗಳು ಇಣುಕುತ್ತಿದ್ದವು. ಮನೆಯಲ್ಲಿ ಕನ್ನಡ ಶಾಲೆಗೆ ಹೋದವಳು ಒಬ್ಬಳೇ, ನೆಗೆಣ್ಣಿ. ನನಗೆ ಈ ಅಕ್ಷರ ಕಲಿಸಿದವಳೂ ಅವಳೇ. ಮದುವೆಯಾಗಿ ಬಂದ ಹೊಸದರಲ್ಲಿ ಜೋಳದ ಹಿಟ್ಟು ಹರವಿದ ಪರಾತದಲ್ಲಿ ಬೆರಳಿಂದ ತಿದ್ದಿಸಿದ್ದಳು. ಆಡೋ ಮಾತು ಬರೀಲಿಕ್ಕ ಬರಲ್ಲಂದ್ರ ಹ್ಯಾಂಗಕ್ಕಾ, ಎಂದು ನಕ್ಕಿದ್ದಳು. ಇವತ್ತು ಇದನ್ನು ನಾನು ಬರೆಯುತ್ತಿರುವುದೂ ಅವಳು ತಿದ್ದಿಸಿದ ಅಕ್ಷರದಲ್ಲಿ.

ಅವಳ ಸಾಲುಗಳಲ್ಲಿ ಒಂದರ ಮೇಲೆ ಕಣ್ಣು ನಿಂತಿತು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

ಕಿವಿ ಕೇಳದವರ ಜೊತೆ ಹೇಗೆ ಮಾತಾಡಬೇಕು.

ಅದರ ಮೇಲೆ, ಮರುದಿನದ್ದು: ಕಿವಿ ಮಂದ ಇದ್ದವರಿಗೆ ಬೇಜಾರಾಗದಂತೆ ಹೇಗೆ ಸಹಾಯ ಮಾಡಬೇಕು. ಇನ್ನೂ ಮೇಲೆ, ಕೆಲವು ವಾರ ಕಳೆದ ಮೇಲಿನದು: ಉದಗೀರ ಕಿವಿ ಡಾಕ್ಟರ್.

ಅಂಗಡಿಯ ಮುಂದೆ ಯಾರೋ ಬಂದು ನಿಂತು ಏನೋ ಕೇಳಿದರು. ಇವರು ಎದ್ದು ಹೋಗಿ ಕೊಟ್ಟರು. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅವಳಿಗೆ ಹೇಗೆ ಗೊತ್ತಾಯಿತು? ನನ್ನ ಸಾಲುಗಳನ್ನು ಹುಡುಕಿದೆ. ನಾನು ಮೊದಲ ಸಲ ಕಿವಿಯ ಬಗ್ಗೆ ಬರೆದ ಕೆಲವೇ ದಿನಕ್ಕೆ ಅವಳ ಮೊದಲ ಪ್ರಶ್ನೆ ಬಂದಿತ್ತು. ಆಗ ನನ್ನ ಫೋನು ತೆಗೆದು ಹುಡುಕುವ ಡಬ್ಬಿಯನ್ನು ಸುಮ್ಮನೆ ಒತ್ತಿ ನೋಡಿದೆ. ಕೆಳಗೆ ಗಡಿಯಾರದ ಗುರುತಿನ ಕೆಲವು ಸಾಲು ಇಳಿದವು. ಮೇಲಿನದೇ ಮಾವನ ಜೋಳದ ಭಾವ. ಇದನ್ನು ದಿನಾ ನೋಡುತ್ತಿದ್ದೆ, ಫೋನು ತಾನಾಗಿ ಏನೋ ಸೂಚಿಸುತ್ತದೆ ಎಂದುಕೊಂಡಿದ್ದೆ. ಅದು ಸೂಚನೆಯಲ್ಲ, ಒಂದೇ ಖಾತೆಯಲ್ಲಿ ಹಿಂದೆ ಹುಡುಕಿದ್ದು. ಜೋಳ ನನ್ನ ಫೋನಿಗೆ ಬಂದ ಹಾಗೆ ನನ್ನ ಕಿವಿ ಅವಳ ಫೋನಿಗೆ ಹೋಗಿತ್ತು. ಮರಾಠಿ ಓದಲು ಅವಳಿಗೆ ತಡವರಿಕೆ ಉಂಟು, ಆದರೂ ಓದಿದ್ದಾಳೆ. ಓದಿ, ಯಾರಿಗೂ ಹೇಳದೆ, ಹೇಗೆ ಮಾತಾಡಬೇಕು ಎಂದು ಕೇಳಿಕೊಂಡಿದ್ದಾಳೆ.

ಮಿಕ್ಸರ್ ಬಂದ್ ಮಾಡಿದ್ದು, ಮುಖದ ಮುಂದೆ ಬಂದು ನಿಂತದ್ದು, ಮಾತು ಬಿಡಿಸಿ ಹೇಳಿದ್ದು, ಬಲಗಡೆ ಕೂತದ್ದು. ಒಂದೊಂದೂ ನೆನಪಾಗಿ ಕಣ್ಣು ತುಂಬಿತು. ಇವರು ನೋಡಿ, "ಏನಾತು?" ಎಂದರು. ಧೂಳ ಅದ ಅಂದೆ. ಕಿರಾಣಿ ಅಂಗಡಿಯಲ್ಲಿ ಆ ನೆಪಕ್ಕೆ ಬರವಿಲ್ಲ.

ಫೋಲ್ಡರ್ ಅಳಿಸಬೇಕೋ ಬೇಡವೋ ಎಂಬುದು ಈಗ ಬೇರೆ ಪ್ರಶ್ನೆಯಾಗಿತ್ತು. ಅದರಲ್ಲಿ ನನ್ನದೊಂದೇ ಅಲ್ಲ, ಇವರ ಟೋಪಿಯೂ ಇತ್ತು, ಮಾವನದೂ ಮೈದುನನದೂ ಇತ್ತು. ಎರಡೂ ಡಿಸ್ಕಿಗೆ ಅದನ್ನು ಹಾಕಲಿಲ್ಲ. ಫೋಟೊ, ನಂಬರು, ಮೇಲು ಹಾಕಿ, ಎಲ್ಲರನ್ನೂ ಕೂರಿಸಿಕೊಂಡು ನೇರವಾಗಿ ಹೇಳಿದೆ:

"ಈ ನಕಲಿನೊಳಗ ಎಲ್ಲಾರೂ ಫೋನಿಗೆ ಕೇಳಿದ್ದು ಬರದದ. ಅದನ್ನ ಯಾರಿಗೂ ಕೊಡಲ್ಲ. ಇವತ್ತ ಖಾತಾದಾಗಿಂದನೂ ಅಳಸ್ತೀನಿ, ನನ್ನ ನಕಲೂ ಅಳಸ್ತೀನಿ. ಆದೀತಲ್ಲ?"

ಆದೀತು ಎಂದು ಇವರು ಎಲ್ಲರಿಗಿಂತ ಮೊದಲು ಅಂದರು, ಟೋಪಿ ಸರಿಮಾಡಿಕೊಳ್ಳುತ್ತ. ನೆಗೆಣ್ಣಿ ನನ್ನನ್ನು ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದಳು. ನಾನು ಓದಿದ್ದೇನೆ ಎಂದು ಅವಳಿಗೆ ಗೊತ್ತಾಯಿತು.

ಅಷ್ಟಾದರೂ ನಾನು ಅವಳಿಗೆ ಏನೂ ಹೇಳಲಿಲ್ಲ. ದಿನಾ ಇವತ್ತು ಹೇಳುತ್ತೇನೆ ಅಂದುಕೊಳ್ಳುವುದು, ಪಾತ್ರೆ ಕಟ್ಟುವುದು, ಹಾಸಿಗೆ ಸುತ್ತುವುದು. ಅವಳೂ ಎತ್ತಲಿಲ್ಲ. ಕೊನೆಗೆ ಹೊರಡುವ ದಿನ ಬಂದೇಬಿಟ್ಟಿತು.

ಸಾಮಾನು ಹೇರಿದ ಟೆಂಪೊ ಮನೆಯ ಮುಂದೆ ಧಡಧಡ ಅನ್ನುತ್ತ ನಿಂತಿತ್ತು. ಮೈದುನ ಬೈಕಿನಲ್ಲಿ ಮುಂದೆ ಹೋಗಿದ್ದ. ನೆಗೆಣ್ಣಿ ಮಾವನ ಕಾಲಿಗೆ ಬಿದ್ದು, ನನ್ನ ಕಾಲಿಗೂ ಬಗ್ಗಿ, ಡ್ರೈವರನ ಪಕ್ಕ ಹತ್ತಿ ಕೂತಳು. ಗಾಡಿ ಹೊರಡುವಾಗ ಕಿಟಕಿಯಿಂದ ತಲೆ ಹೊರಹಾಕಿ ಏನೋ ಹೇಳಿದಳು. ಅವಸರದಲ್ಲಿ ಅವಳೂ ಮರೆತಿದ್ದಳು, ಇಂಜಿನ್ನು ಅಷ್ಟು ಸದ್ದು ಮಾಡುತ್ತಿರುವಾಗ ನನಗೆ ಹೇಳಿ ಉಪಯೋಗವಿಲ್ಲ ಎಂಬುದನ್ನು. ತುಟಿ ಆಡಿದ್ದು ಕಂಡಿತು. ತಲೆಯಾಡಿಸಲು ಕತ್ತು ತಾನಾಗಿ ಬಗ್ಗಿತು, ಮುಖದ ಮೇಲೆ ಆ ಹಳೆಯ ನಗುವೂ ಬಂತು.

ಮಾವ, ಇವರು, ಓಣಿಯ ಮಂದಿ ಎಲ್ಲ ನಿಂತಿದ್ದರು. ಓಡಿಹೋಗಿ ಟೆಂಪೊದ ಬಾಗಿಲು ಹಿಡಿದೆ.

"ಕೇಳಸಲಿಲ್ಲ," ಎಂದು ಕೂಗಿದೆ. "ನನಗ ಕಿವಿ ಕೇಳಸಂಗಿಲ್ಲ. ಇನ್ನೊಮ್ಮೆ ಹೇಳು."

ಅವಳು ಡ್ರೈವರನ ಕೈ ಮೇಲೆ ಹೊಡೆದು ಗಾಡಿ ಬಂದ್ ಮಾಡಿಸಿದಳು. ಓಣಿ ಒಮ್ಮೆಗೇ ಶಾಂತವಾಯಿತು. ಕೆಳಗಿಳಿದು, ನನ್ನ ಮುಂದೆ ನಿಂತು, ಮುಖ ನೋಡುತ್ತ ಬಿಡಿಸಿ ಬಿಡಿಸಿ ಹೇಳಿದಳು.

"ಮಿಕ್ಸರಿನ ಸಣ್ಣ ಜಾರು ಮ್ಯಾಲಿನ ಕಪಾಟಿನ್ಯಾಗ ಇಟ್ಟೀನಿ ಅಂದೆ ಅಕ್ಕಾ. ಮತ್ತ, ಮುಂದಿನ ಸೋಮವಾರ ಉದಗೀರಕ ಬರ್ರಿ. ಡಾಕ್ಟರಗ ಹೇಳಿಟ್ಟೀನಿ."

ಎರಡೂ ನನಗೆ ಸ್ಪಷ್ಟವಾಗಿ ಕೇಳಿಸಿದವು.